ಬ್ರೇಕ್ ಮಾವ ಟ್ರೆಡ್‌ಮಿಲ್ ಮಾರಿದ್ದು

ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ ಅವರನ್ನು ಬೀದಿಯವರೆಲ್ಲ ಬ್ರೇಕ್ ಮಾವ ಅಂತಲೇ ಕರೆಯುತ್ತಿದ್ದರು. ಕಲಿಯುವವರ ಪಕ್ಕದಲ್ಲಿ ಕೂತು, ತಮ್ಮ ಕಾಲಡಿಯ ಎರಡನೇ ಬ್ರೇಕನ್ನು ಕಾರಣ ಇದ್ದರೂ ಇಲ್ಲದಿದ್ದರೂ ಒತ್ತುವುದು ಅವರ ಚಾಳಿ. "ಬೋರ್ಡ್ ಓದ್ರೀ! ಕಣ್ಣು ಯಾತಕ್ಕಿಟ್ಕೊಂಡಿದೀರಿ?" ಎಂದು ಅವರು ಕೂಗಿದರೆ ಎದುರು ಬರುತ್ತಿದ್ದ ಸೈಕಲ್ಲಿನವನೂ ಬ್ರೇಕ್ ಹಾಕುತ್ತಿದ್ದ.

ಮನೆಯಲ್ಲಿ ಒಂದು ಟ್ರೆಡ್‌ಮಿಲ್ ಇತ್ತು. ಹೊಟ್ಟೆ ಕರಗಿಸಬೇಕೆಂದು ತಂದದ್ದು. ಹೊಟ್ಟೆ ಕರಗಲಿಲ್ಲ, ಉತ್ಸಾಹ ಕರಗಿತು. ಈಗ ಅದರ ಮೇಲೆ ಟವೆಲ್ಲು, ಬನಿಯನ್ನು ಒಣಗುತ್ತಿದ್ದವು. ಕೊನೆಗೆ ಅತ್ತೆ, ಅಂದರೆ ಮಾವನ ಹೆಂಡತಿ, "ಇದನ್ನ ಮಾರ್ತೀರೋ, ನಾನೇ ಬೀದಿಗೆ ಹಾಕ್ಲೋ?" ಅಂದಾಗ, ಮಾವ ಫೋಟೊ ತೆಗೆದು ಹಳೇ ಸಾಮಾನು ಮಾರುವ ಆ್ಯಪಿಗೆ ಹಾಕಿದರು. ಬನಿಯನ್ ತೆಗೆಯುವುದು ಮರೆತಿದ್ದರು.

ಅರ್ಧ ಗಂಟೆಯೊಳಗೆ ಫೋನ್ ಬಂತು. ಆಚೆಯ ದನಿಯಲ್ಲಿ ಬೆಣ್ಣೆ.

"ಸಾರ್, ನೀವು ಹೇಳಿದ ಬೆಲೆಗೇ ತಗೋತೀನಿ. ನಾಳೆ ಗಾಡಿ ಕಳಿಸ್ತೀನಿ, ದುಡ್ಡು ಈಗ್ಲೇ ಹಾಕ್ತೀನಿ."

ಚೌಕಾಸಿ ಇಲ್ಲ, ವಸ್ತು ನೋಡುವ ಮಾತೂ ಇಲ್ಲ. ಬೇರೆಯವರಿಗೆ ಅಲ್ಲೇ ಅನುಮಾನ ಬರುತ್ತಿತ್ತು. ಮಾವನಿಗೆ ಬಂದದ್ದು ಜಂಬ. ಫೋನಿನ ಬಾಯಿ ಮುಚ್ಚಿ ಅತ್ತೆಗೆ, "ವ್ಯವಹಾರ ಅಂದ್ರೆ ಹೀಗೆ" ಅಂದರು.

"ಸಾರ್, ಒಂದು ರಿಕ್ವೆಸ್ಟ್ ಬಂದಿದೆ ನೋಡಿ. ಒಪ್ಪಿಗೆ ಕೊಟ್ಟು ಪಿನ್ ಹಾಕಿ. ದುಡ್ಡು ನಿಮ್ಮ ಖಾತೆಗೆ ಬಂದ್ಬಿಡುತ್ತೆ."

ಮಾವನ ಪಾವತಿ ಆ್ಯಪಿನಲ್ಲಿ ಯಾವುದೋ ಅಪರಿಚಿತ ಹೆಸರು, ಟ್ರೆಡ್‌ಮಿಲ್ಲಿನ ಪೂರ್ತಿ ಬೆಲೆ, ಕೆಳಗೆ 'ಹಣ ಸ್ವೀಕರಿಸಲು ಒಪ್ಪಿಗೆ ಕೊಡಿ' ಎಂಬ ಸಾಲು. ಅದಕ್ಕೂ ಕೆಳಗೆ ಎರಡು ಗುಂಡಿ: 'ನಿರಾಕರಿಸಿ', 'ಪಾವತಿಸಿ'.

ಭುಜದ ಮೇಲಿಂದ ಇಣುಕಿದ ಅತ್ತೆ, "ರೀ, ಪಾವತಿಸಿ ಅಂತಿದೆಯಲ್ರೀ?" ಅಂದರು.

"ಅವನು ಪಾವತಿಸ್ತಾನೆ ಅಂತ ಕಣೇ ಅದು!"

"ಅವನು ಪಾವತಿಸೋದಾದ್ರೆ ಗುಂಡಿ ನಿಮ್ಮ ಫೋನಲ್ಲಿ ಯಾಕಿದೆ?"

"ನಿಂಗೆ ಇದೆಲ್ಲ ತಿಳಿಯಲ್ಲ, ಸುಮ್ನಿರು." ಮಾವ ಪಿನ್ ಒತ್ತಿದರು, ಅದೂ ಗತ್ತಿನಿಂದ.

ಫೋನ್ 'ಟಿಂಗ್' ಅಂತು. ಮಾವ ನಕ್ಕರು. ಬ್ಯಾಂಕಿನ ಸಂದೇಶ ಓದಿದರು. ನಗು ಮುಖದಲ್ಲೇ ಉಳಿಯಿತು, ಬಣ್ಣ ಮಾತ್ರ ಹೋಯಿತು. ಟ್ರೆಡ್‌ಮಿಲ್ಲಿಗೆ ಬರಬೇಕಾದಷ್ಟೇ ದುಡ್ಡು ಖಾತೆಯಿಂದ ಕಡಿತವಾಗಿತ್ತು.

"ಅಯ್ಯೋ ಸಾರ್, ಸರ್ವರ್ ಎಡವಟ್ಟು!" ಆಚೆಯವನು ಇನ್ನೂ ಲೈನಿನಲ್ಲಿದ್ದ. "ಈಗ ಡಬಲ್ ಮೊತ್ತ ಕಳಿಸ್ತಿದ್ದೀನಿ. ಇದನ್ನೂ ಒಪ್ಕೊಳ್ಳಿ, ಎಲ್ಲ ಸೇರಿ ವಾಪಸ್ ಬರುತ್ತೆ."

ಮಾವನ ಹೆಬ್ಬೆರಳು ಹೊರಟೇಬಿಟ್ಟಿತ್ತು. ಅತ್ತೆ ಫೋನ್ ಕಿತ್ತುಕೊಂಡು 'ನಿರಾಕರಿಸಿ' ಒತ್ತಿ, ಆಚೆಯವನ ಇಡೀ ವಂಶಕ್ಕೆ ಸೇರುವಷ್ಟು ಬೈದು, ಕರೆ ಕತ್ತರಿಸಿದರು. ಅದೇ ಫೋನಿನಿಂದ ಬ್ಯಾಂಕಿನ ಸಹಾಯವಾಣಿಗೆ, ಆಮೇಲೆ ಸೈಬರ್ ಪೊಲೀಸರಿಗೆ ದೂರು ಕೊಟ್ಟರು. ಮಾವ ಟ್ರೆಡ್‌ಮಿಲ್ಲಿನ ಮೇಲೆ ಕೂತಿದ್ದರು. ಅದನ್ನು ಅವರು ಬಳಸಿ ಬಹಳ ಕಾಲವಾಗಿತ್ತು.

ಮರುದಿನ ಬ್ಯಾಂಕಿನಲ್ಲಿ ಮಾವ ಮೇಜು ಗುದ್ದಿದರು. "ಹಣ ಸ್ವೀಕರಿಸಲು ಅಂತ ಬರೆದಿತ್ತು! ನಿಮ್ಮ ಆ್ಯಪೇ ಸುಳ್ಳು ಹೇಳುತ್ತಾ?"

ಮ್ಯಾನೇಜರ್ ಮೇಡಂ ಕನ್ನಡಕ ಸರಿಮಾಡಿಕೊಂಡರು. "ಆ ಸಾಲು ಆ್ಯಪ್ ಬರೆದಿದ್ದಲ್ಲ, ಸಾರ್. ದುಡ್ಡು ಕೇಳಿದವನು ಟಿಪ್ಪಣಿ ಜಾಗದಲ್ಲಿ ಏನು ಬೇಕಾದ್ರೂ ಬರೀಬಹುದು. ರಿಕ್ವೆಸ್ಟ್ ಅಂದ್ರೆ 'ನಂಗೆ ಇಷ್ಟು ಕೊಡಿ' ಅಂತ ಕೇಳೋದು. ನೀವು ಪಿನ್ ಹಾಕಿದ್ರೆ 'ನನ್ನ ಖಾತೆಯಿಂದ ತೆಗೆದು ಕೊಡಿ' ಅಂತ ಬ್ಯಾಂಕಿಗೆ ಅಪ್ಪಣೆ ಕೊಟ್ಟ ಹಾಗೆ."

"ಮತ್ತೆ ದುಡ್ಡು ಬರೋಕೆ ಏನೊತ್ತಬೇಕು?"

"ಏನೂ ಬೇಡ. ಒಪ್ಪಿಗೆಯೂ ಬೇಡ, ಪಿನ್ನೂ ಬೇಡ. ಬರೋ ದುಡ್ಡು ತಾನಾಗೇ ಬರುತ್ತೆ."

ಏನೂ ಮಾಡದೆ ಸುಮ್ಮನಿರುವುದು ಮಾವನಿಗೆ ಹುಟ್ಟಿದಾಗಿನಿಂದ ಬಾರದ ವಿದ್ಯೆ.

ಬೇಗ ದೂರು ಕೊಟ್ಟಿದ್ದರಿಂದ, ಮೋಸಗಾರನ ಖಾತೆಯಲ್ಲಿ ಇನ್ನೂ ಇದ್ದ ಸ್ವಲ್ಪ ದುಡ್ಡನ್ನು ಬ್ಯಾಂಕಿನವರು ತಡೆಹಿಡಿದರು. ಹಲವು ತಿಂಗಳ ಓಡಾಟದ ನಂತರ ಅಷ್ಟು ವಾಪಸ್ ಬಂತು. ಉಳಿದದ್ದು ಕೈ ಬದಲಾಯಿಸಿ ಎಲ್ಲೋ ಕರಗಿಹೋಗಿತ್ತು. ಟ್ರೆಡ್‌ಮಿಲ್ಲನ್ನು ಅತ್ತೆಯೇ ಎದುರು ಮನೆಯವರಿಗೆ ಮಾರಿದರು. ಬಂದದ್ದನ್ನು ಸ್ವಂತ ಖಾತೆಗೆ ಹಾಕಿಕೊಂಡರು.

ಮಾವ ಮಾತ್ರ ಈಗ ಈ ವಿಷಯದ ಪಂಡಿತರು. ಕಲಿಯುವವರು ಗೇರ್ ಹಾಕುವ ಮೊದಲೇ ಪಾಠ ಶುರು: "ನನ್ನ ಸ್ನೇಹಿತನೊಬ್ಬ ಇದಾನೆ, ಶುದ್ಧ ಪೆದ್ದ. ಏನ್ಮಾಡಿದ ಗೊತ್ತಾ?" ಆ ಪೆದ್ದನ ಕಥೆ ದಿನೇದಿನೇ ಬೆಳೆಯುತ್ತಿದೆ. ಅವನನ್ನು ಕಾಪಾಡಿದವರು ಮಾವನೇ ಅಂತ ಮೊನ್ನೆಯಿಂದ ಸೇರಿಕೊಂಡಿದೆ.

ಹೋದ ವಾರ ಇಡೀ ಕುಟುಂಬ ಹೋಟೆಲಿಗೆ ಹೋಗಿತ್ತು. ಬಿಲ್ಲು ಕಟ್ಟಿದ ಭಾವಮೈದ ಮಾವನ ಪಾಲು ಕೇಳಿ ರಿಕ್ವೆಸ್ಟ್ ಕಳಿಸಿದ. ಎದುರಿಗೇ ಕೂತಿದ್ದ ಅವನಿಗೆ ಕಾಣುವಂತೆ ಫೋನ್ ಎತ್ತಿ ಹಿಡಿದು ಮಾವ 'ನಿರಾಕರಿಸಿ' ಒತ್ತಿದರು.

"ಮೋಸ ಹೋಗೋ ಕಾಲ ಮುಗೀತಪ್ಪ" ಅಂದರು.