ಹಡಗಲಿಯವನ ಹೊಸ ನಕ್ಷತ್ರ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಬೆಟ್ಟದ ಮೇಲಿನ ವೀಕ್ಷಣಾಲಯವೊಂದರಲ್ಲಿ ನೌಕರಿಗಿದ್ದೆ. ನಾನು ಕೊಟ್ಟೂರಿನವನು. ನನ್ನ ಕೈಕೆಳಗೆ ಬಂದವನು ಹಡಗಲಿಯವನು, ನನಗಿಂತ ಜಾಣ. ಅದನ್ನು ನನಗೆ ಸಹಿಸಲಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ, ಹಿಂದಿನ ರಾತ್ರಿ ಅರ್ಧ ಗಂಟೆ ಶಟರ್ ತೆರೆದಿಟ್ಟು ತೆಗೆದ ಚಿತ್ರ ಹಿಡಿದು ಓಡಿಬಂದ.

"ಅಣ್ಣಾರ, ಹೊಸ ನಕ್ಷತ್ರ ಸಿಕ್ಕೈತ್ರಿ!"

ನಿಜವಾದ ನಕ್ಷತ್ರದ ಬೆಳಕು ನಾಲ್ಕಾರು ಪಿಕ್ಸೆಲ್‌ಗಳಿಗೆ ಹರಡುತ್ತದೆ. ಇದು ಒಂದೇ ಪಿಕ್ಸೆಲ್, ಸೂಜಿಮೊನೆಯಂತೆ. ಕ್ಯಾಮೆರಾ ಬೆಚ್ಚಗಾದಾಗ ತಾನೇ ಹೊಳೆಯುವ ಚುಕ್ಕಿ.

"ಡಾರ್ಕ್ ಕಳದೀಯೇನು?" ಎಂದೆ. ಶಟರ್ ಮುಚ್ಚಿ ಅಷ್ಟೇ ಹೊತ್ತು ತೆಗೆದ ಕಪ್ಪು ಚಿತ್ರವೇ ಡಾರ್ಕ್. ಆಕಾಶದ ಚಿತ್ರದಿಂದ ಅದನ್ನು ಕಳೆದರೆ ಇಂಥ ಚುಕ್ಕಿಗಳು ಹೋಗುತ್ತವೆ. ಆದರೆ ಎರಡೂ ಸಲ ಕ್ಯಾಮೆರಾ ಅಷ್ಟೇ ತಣ್ಣಗಿರಬೇಕು.

"ಸಂಜಿಗೆ ತಗದದ್ದು ಕಳದೀನ್ರಿ."

"ಹಂಗಾರ ಮೀಟಿಂಗಿನ್ಯಾಗ ಎಲ್ಲಾರಿಗೂ ತೋರಿಸು."

ತೋರಿಸಿದ. ಹಿರಿಯರೆಲ್ಲ ಬೆರಗಾಗುವವರೆಗೂ ಕಾದು, ನಾನು ನಸುಕಿನಲ್ಲಿ ತೆಗೆದಿದ್ದ ಡಾರ್ಕ್ ಒಂದನ್ನು ಪಕ್ಕಕ್ಕಿಟ್ಟೆ. ಆಕಾಶವೇ ಇಲ್ಲದ ಆ ಚಿತ್ರದಲ್ಲೂ ಅದೇ ಜಾಗದಲ್ಲಿ ಅದೇ ಚುಕ್ಕಿ. ಮೊದಲು ನಕ್ಕವನು ನಾನೇ.

ಹೊರಗೆ ಬಂದು ಅವನು, "ಮುಂಜಾನೇನ ಹೇಳಬೋದಿತ್ತಲ್ರಿ" ಎಂದ.

"ಕಲೀಬೇಕಲ್ಲಲೇ" ಎಂದೆ.

ಕ್ಯಾಮೆರಾವನ್ನು ತಣ್ಣಗಿಡುವ ದ್ರವ ನೈಟ್ರೋಜನ್ ತುಂಬುವ ಪಾಳಿ, ಅವನು ಆ ಚಿತ್ರ ತೆಗೆದ ರಾತ್ರಿ ನನ್ನದಿತ್ತು. ತುಂಬದೆ ಮಲಗಿಬಿಟ್ಟಿದ್ದೆ. ನಸುಕಿಗೆ ಎದ್ದು, ಅದು ಬೆಚ್ಚಗಾದದ್ದು ಕಂಡು ಹೆದರಿ, ಅವನ ಚಿತ್ರ ಕೆಡದಿರಲೆಂದು ಆ ಡಾರ್ಕ್ ತೆಗೆದಿದ್ದೆ. ಅವನಿಗೇ ಕೊಡಬೇಕೆಂದಿದ್ದೆ.

ಓಡಿಬಂದವನ ಮುಖದ ಮೇಲಿನ ಸಂತೋಷ ಕಂಡು ಕೊಡಲಿಲ್ಲ.