ಎಂಟು ಬಡಿತ, ಮೂರು ತಟ್ಟು

ನಮ್ಮ ಬೀದಿಯ ಮಕ್ಕಳು ಮಗ್ಗಿ ಕಲಿಯುತ್ತಿದ್ದದ್ದು ಮಗ್ಗದ ಪಕ್ಕದಲ್ಲಿ ಕೂತು. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರೆ ಮಕ್ಕಳು ಗುಂಡಿಯ ಅಂಚಿನಲ್ಲಿ ಕೂರಬೇಕು. ಲಾಳಿ ಆ ಕಡೆಯಿಂದ ಈ ಕಡೆಗೆ ಓಡಿ ಹಲಗೆ ಒಮ್ಮೆ ಬಡಿದರೆ ಬಾಯಿಂದ ಒಂದು ಅಕ್ಷರ ಬರಬೇಕು. ಮತ್ತೆ ಬಡಿದರೆ ಇನ್ನೊಂದು. ಮಗ್ಗಿ, ದೇವರ ಹಾಡು, ವಾರದ ಹೆಸರು ಎಲ್ಲವೂ ಹಾಗೆಯೇ. ಒಂದು ಅಕ್ಷರ ತಪ್ಪಿದರೆ ಅಜ್ಜ ಲಾಳಿಯ ನೂಲು ಸುತ್ತುವ ಕಂಡಿಕೆಯ ಕಡ್ಡಿಯಿಂದ ಮೊಣಕೈಗೆ ತಟ್ಟುತ್ತಿದ್ದರು. "ಅಕ್ಷರ ನುಂಗಿದವ ನೂಲು ಕದ್ದವನಿಗೆ ಸಮ" ಎನ್ನುವುದು ಅವರ ಮಾತು. ನಮ್ಮದು ಕನ್ನಡ ಮನೆಮಾತಾದರೂ ಊರು ತಮಿಳು ಸೀಮೆಯದು; ನಾನು ಮೂರನೇ ಕ್ಲಾಸಿನವರೆಗೆ ತಮಿಳು ಓದಿದೆ. ಕನ್ನಡ ಅಕ್ಷರ ಅಜ್ಜನಿಂದ ಬಂತು. ಅದರಾಚೆಗಿನ ಓದು ನನಗಿಲ್ಲ. ಆದರೆ ನುಂಗದೆ ಓದುವುದು ನನಗೆ ಗೊತ್ತು ಎಂಬ ಜಂಬ ಮಾತ್ರ ಬಹಳ ಇತ್ತು. ಈಗ ಬರೆಯುತ್ತಿರುವುದು ಆ ಜಂಬದ ಕಥೆ, ಮತ್ತು ಜಂಬಕ್ಕಿಂತ ಕೆಟ್ಟದ್ದೊಂದರ ಕಥೆ.

ನನಗೆ ಒಬ್ಬಳೇ ತಂಗಿ, ನನಗಿಂತ ಆರು ವರ್ಷ ಚಿಕ್ಕವಳು. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ವಾಂತಿಭೇದಿಯಲ್ಲಿ ಹೋದ. ಕಾರಮಡೈ ಹತ್ತಿರದ ನಮ್ಮ ಬೀದಿಗೆ ಅವಳು ವಾಪಸು ಬಂದಳು. ನೀಲಗಿರಿಯ ಪೈಕಾರದಿಂದ ಕರೆಂಟು ಬಂದು ಕೊಯಮತ್ತೂರಿನ ಸುತ್ತ ಗಿರಣಿಗಳು ಒಂದರ ಹಿಂದೆ ಒಂದು ಏಳುತ್ತಿದ್ದ ಕಾಲ. ಕೈಮಗ್ಗದ ಮನೆಯಲ್ಲಿ ವಿಧವೆಗೆ ಇದ್ದದ್ದು ಒಂದೇ ಕೆಲಸ, ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುವುದು. ಅವಳು ಓದಿನಲ್ಲಿ ಚುರುಕು ಎಂದು ತಿಳಿದಿದ್ದ ಒಬ್ಬ ಉಪಾಧ್ಯಾಯರು ಅವ್ವನನ್ನು ಒಪ್ಪಿಸಿ, ಕೊಯಮತ್ತೂರಿನಲ್ಲಿ ಹೆಂಗಸರಿಗೆ ಉಪಾಧ್ಯಾಯಿನಿ ಕೆಲಸ ಕಲಿಸುವ ಒಂದು ಶಾಲೆಗೆ ಸೇರಿಸಿದರು. ಊಟ, ವಸತಿ ಅಲ್ಲೇ. ಕೊನೆಗೆ ಬಿಳಿಯ ದೊರೆಸಾನಿಯೊಬ್ಬಳು ಪರೀಕ್ಷೆ ಮಾಡಲು ಬರುತ್ತಾಳೆ. ಅವಳ ಮುಂದೆ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡಿ ತೋರಿಸಬೇಕು. ಪಾಸಾದರೆ ಸರ್ಕಾರದ ಕೆಲಸ, ಇಲ್ಲವಾದರೆ ರಾಟೆ.

ಪರೀಕ್ಷೆಗೆ ಎರಡು ತಿಂಗಳ ಮೊದಲು ತಂಗಿ ರಜೆಗೆ ಬಂದಳು; ರಜೆ ಮುಗಿದ ಕೂಡಲೇ ಪರೀಕ್ಷೆ. ಮಾರನೇ ದಿನ ಬೆಳಿಗ್ಗೆ ನಾನು ಮಗ್ಗದಲ್ಲಿದ್ದಾಗ ಪುಸ್ತಕ ಹಿಡಿದು ಬಂದು ಗುಂಡಿಯ ಅಂಚಿನಲ್ಲಿ ಕೂತಳು.

"ಅಣ್ಣಾ, 'ಗರ್ಲ್ಸ್ ಬ್ರಿಂಗ್ ಯಾರ್ನ್'. ಹುಡುಗೀರು ನೂಲು ತರ್ತಾರೆ ಅಂತ. ಇದಕ್ಕೆ ಎಷ್ಟು ಬಡಿತ ಹಾಕ್ತೆ?"

"ಮೂರು."

"'ದ ಗರ್ಲ್ಸ್ ಹ್ಯಾವ್ ಬೀನ್ ಬ್ರಿಂಗಿಂಗ್ ದ ಯಾರ್ನ್'. ಇದಕ್ಕೆ?"

ನಾನು ಬೆರಳು ಮಡಚಿದೆ. "ಎಂಟು."

"ಅಲ್ಲ. ಇದಕ್ಕೂ ಮೂರೇ." ಕಂಡಿಕೆಯೊಂದನ್ನು ತೆಗೆದುಕೊಂಡು ನೆಲಕ್ಕೆ ತಟ್ಟಿ ತೋರಿಸಿದಳು. ಗರ್ಲ್ಸ್ ಎನ್ನುವಾಗ ಒಂದು ತಟ್ಟು, ಬ್ರಿಂಗ್ ಎನ್ನುವಾಗ ಒಂದು, ಯಾರ್ನ್ ಎನ್ನುವಾಗ ಒಂದು. ಮಿಕ್ಕ ಐದನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡಂತೆ ಮೆಲ್ಲಗೆ, ಬೇಗ ಹೇಳಿಬಿಟ್ಟಳು. ಹ್ಯಾವ್ ಎಂಬುದು ಅವ್ ಆಗಿ ಎಲ್ಲೋ ಹೋಯಿತು. "ಭಾರದ ಅಕ್ಷರ ಮೂರು ಕಂಬ ಇದ್ದ ಹಾಗೆ. ಕಂಬದಿಂದ ಕಂಬಕ್ಕೆ ಹೆಚ್ಚುಕಮ್ಮಿ ಒಂದೇ ದೂರ. ನಡುವೆ ಒಂದಿರಲಿ, ಮೂರಿರಲಿ, ಆ ಜಾಗದಲ್ಲೇ ಒತ್ತಿಕೊಂಡು ಹೋಗ್ಬೇಕು ಅಂತಾರೆ ಟೀಚರಮ್ಮ."

"ಐದು ಅಕ್ಷರ ಓಡಿಹೋಗಕ್ಕೆ ಅವೇನು ಕಳ್ಳರಾ ಅಮ್ಮಣಿ?"

ರಾಟೆಯ ಹತ್ತಿರ ಕೂತಿದ್ದ ಅವ್ವ ನಕ್ಕಳು. ತಂಗಿಯೂ ನಕ್ಕಳು. ನಾನು ಅಲ್ಲಿಗೆ ಬಿಡಬಹುದಿತ್ತು.

ಬಿಡಲಿಲ್ಲ. ಅಜ್ಜನ ಮಾತು ಎತ್ತಿದೆ. ಅಕ್ಷರ ತಿಂದು ಓದುವವಳು ಮಕ್ಕಳಿಗೆ ಏನು ಕಲಿಸುತ್ತಾಳೆ ಎಂದೆ. ದಿನವೂ ಬೆಳಿಗ್ಗೆ ಅವಳು ಗುಂಡಿಯ ಅಂಚಿನಲ್ಲಿ ಕೂತು ಓದಬೇಕು, ನಾನು ಬಡಿಯುವಾಗ ಒಂದು ಬಡಿತಕ್ಕೆ ಒಂದು ಅಕ್ಷರ ಹೇಳಬೇಕು ಎಂದು ಕಟ್ಟಳೆ ಮಾಡಿದೆ. ಅವಳು ಮೊದಲು ಒಲ್ಲೆ ಎಂದಳು.

"ಟೀಚರಮ್ಮ ಬೈತಾರೆ ಅಣ್ಣಾ. ಈ ಬಡಿತದ ಓದು ಬಿಡಿಸಕ್ಕೇ ಒಂದು ವರ್ಷ ಆಯ್ತು ಅವರಿಗೆ."

"ನಿನ್ನ ಟೀಚರಮ್ಮ ಹುಟ್ಟೋಕೆ ಮೊದಲೇ ನಮ್ಮ ಮನೇಲಿ ಓದು ಇತ್ತು."

ಅವಳು ಎದುರು ಮಾತಾಡುವವಳಲ್ಲ. ಅಪ್ಪ ಹೋದ ಮೇಲೆ ಮನೆಯ ಗಂಡಸು ನಾನೇ. ಒಂದು ವಾರದಲ್ಲಿ ಅವಳ ಓದು ನನ್ನ ಬಡಿತಕ್ಕೆ ಕೂತಿತು. ಒಂದೊಂದು ಅಕ್ಷರವೂ ಅಕ್ಕಿ ಆರಿಸಿ ಹರವಿದ ಹಾಗೆ ಬಿಡಿಬಿಡಿಯಾಗಿ ಕೇಳುತ್ತಿತ್ತು. ಅರ್ಥ ತಿಳಿಯದ ನನಗೂ ಯಾವುದು ಮುಗಿಯಿತು, ಯಾವುದು ಬಂತು ಎಂದು ಎಣಿಸಬಹುದಾಗಿತ್ತು. ನಮ್ಮ ಮಾತಿನಲ್ಲಿ ಕಿರಿದು ಕಿರಿದಾಗಿ, ಹಿರಿದು ಹಿರಿದಾಗಿ ಇರುತ್ತದೆ. ಯಾವುದೂ ಇನ್ನೊಂದಕ್ಕೆ ಜಾಗ ಬಿಟ್ಟು ಅಡಗಿಕೊಳ್ಳುವುದಿಲ್ಲ. ಅದೇ ಸರಿ, ಎಲ್ಲ ಮಾತಿಗೂ ಅದೇ ಸರಿ ಎಂದು ನಾನು ನಂಬಿದ್ದೆ. ಇಷ್ಟು ತಿಳಿಯದವನ ತಪ್ಪು. ಇದನ್ನು ಕ್ಷಮಿಸಬಹುದೇನೋ.

ಇನ್ನೊಂದಿದೆ. ಪರೀಕ್ಷೆಗೆ ಮೂರು ವಾರ ಇರುವಾಗ ಒಂದು ಕಾರ್ಡು ಬಂತು. ತಂಗಿ ನೀರಿಗೆ ಹೋಗಿದ್ದಳು. ಟಪಾಲಿನವನು ನನ್ನ ಕೈಗೆ ಕೊಟ್ಟ. ತಮಿಳಿನಲ್ಲಿತ್ತು, ಕೂಡಿಸಿಕೊಂಡು ಓದಿದೆ. ಟೀಚರಮ್ಮ ಬರೆದಿದ್ದರು: ನಿನ್ನ ಕಿವಿಗೆ ಇಂಗ್ಲಿಷಿನ ನಡೆ ಬಂದಿದೆ, ನಾಲಿಗೆಗೆ ಇನ್ನೂ ನಿಂತಿಲ್ಲ. ರಜೆ ಮುಗಿಯುವವರೆಗೆ ಕಾಯಬೇಡ, ಈಗಲೇ ಬಾ. ದಿನಕ್ಕೆ ಎರಡು ಹೊತ್ತು ನಾನು ಜೊತೆಗೆ ಕೂರುತ್ತೇನೆ.

ಆಗ ಮದುವೆಯ ತಿಂಗಳು. ಸೀರೆಗೆ ಅವಸರ ಇತ್ತು. ತಂಗಿ ಹೋದರೆ ಕಂಡಿಕೆ ಸುತ್ತುವವರು ಅವ್ವ ಒಬ್ಬಳೇ. ಅದು ನಾನು ಆ ಹೊತ್ತು ನನಗೇ ಹೇಳಿಕೊಂಡ ಕಾರಣ. ನಿಜವಾದ ಕಾರಣ ಬೇರೆ. ಎಂಟನ್ನು ಮೂರು ಎನ್ನುವ ಒಂದು ಕಿವಿ ಅವಳಿಗೆ ಬಂದಿತ್ತು. ನಾನು ಎಷ್ಟು ಕೇಳಿದರೂ ನನಗೆ ಎಂಟೇ ಕೇಳುತ್ತಿತ್ತು. ನಾನು ಕಲಿತ ಮಗ್ಗದ ಪಕ್ಕದಲ್ಲೇ ಮಗ್ಗಿ ಕಲಿತವಳು ನನಗೆ ಕೇಳಿಸದ್ದನ್ನು ಕೇಳುತ್ತಾಳೆ ಎಂಬುದನ್ನು ನಾನು ಸಹಿಸಲಿಲ್ಲ. ಕಾರ್ಡನ್ನು ಮಡಚಿ ಸೂರಿನ ಬಿದಿರಿನ ಸಂದಿಗೆ ತುರುಕಿದೆ. ಅವಳು ಕೊಡ ಇಳಿಸಿ, "ಟಪಾಲು ಬಂತಾ?" ಎಂದಾಗ ಇಲ್ಲ ಎಂದೆ.

ಪರೀಕ್ಷೆಯ ದಿನ ನಾನೇ ರೈಲಿನಲ್ಲಿ ಕರೆದುಕೊಂಡು ಹೋದೆ. ಗಂಡಸರನ್ನು ಒಳಗೆ ಬಿಡುವುದಿಲ್ಲ. ಕಿಟಕಿಯ ಹೊರಗೆ ಬೇವಿನ ಮರದ ಕೆಳಗೆ ಕೂತೆ. ಒಳಗಿನದೆಲ್ಲ ಕೇಳುತ್ತಿತ್ತು. ತಂಗಿ ಪಾಠ ಓದಿದಳು. ನನ್ನ ಬಡಿತವೇ. ಒಂದು ಅಕ್ಷರವೂ ತಪ್ಪಲಿಲ್ಲ. ನಾನು ತೊಡೆಯ ಮೇಲೆ ಬೆರಳಿನಿಂದ ಜೊತೆ ಹಾಕುತ್ತಿದ್ದೆ. ಮಕ್ಕಳು ಅವಳು ಹೇಳಿದ್ದನ್ನು ಹೇಳಿದ ಹಾಗೆ ತಿರುಗಿ ಹೇಳಿದವು, ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಟ್ಟವು. ಪಾಸಾಯಿತು ಎಂದುಕೊಂಡೆ.

ಆಮೇಲೆ ದೊರೆಸಾನಿಯ ದನಿ ಬಂತು. ಮತ್ತೊಮ್ಮೆ ಹೇಳು ಎಂದಳಂತೆ. ತಂಗಿ ಮತ್ತೆ ಹೇಳಿದಳು, ಇನ್ನೂ ಬಿಡಿಸಿ, ಇನ್ನೂ ಸಮವಾಗಿ. ಅವಳಿಗೆ ಗಾಬರಿಯಾದಾಗ ನಾನು ಕಲಿಸಿದ್ದೇ ಗಟ್ಟಿಯಾಯಿತು. ಮತ್ತೊಮ್ಮೆ, ಎಂದಳು ದೊರೆಸಾನಿ. ಮೂರನೇ ಸಲವೂ ಆಯಿತು. ನಂತರ ದೊರೆಸಾನಿಯೇ ಏನೋ ಉದ್ದಕ್ಕೆ ಕೇಳಿದಳು. ಗಾಳಿಯಲ್ಲಿ ದೂರದ ಮದ್ದಳೆ ಕೇಳಿದ ಹಾಗೆ ಅಲ್ಲೊಂದು ಇಲ್ಲೊಂದು ಪೆಟ್ಟು ನನ್ನ ಕಿವಿಗೆ ಬಿತ್ತು, ನಡುವಿನದೆಲ್ಲ ಹೊಗೆ. ಎರಡು ತಿಂಗಳ ಹಿಂದೆ ಆ ಹೊಗೆಯಲ್ಲಿ ದಾರಿ ಕಂಡಿದ್ದ ತಂಗಿ, ಪಾಠದ ಮೊದಲ ಸಾಲನ್ನೇ ಮತ್ತೆ ಬಿಡಿಬಿಡಿಯಾಗಿ ಓದತೊಡಗಿದಳು.

ಮಧ್ಯಾಹ್ನ ಟೀಚರಮ್ಮ ಹೊರಗೆ ಬಂದರು. ಬಿಳಿ ಸೀರೆಯುಟ್ಟ, ಸಣಕಲು ಮೈಯ, ವಯಸ್ಸಾದ ಹೆಂಗಸು. ತಂಗಿ ಅವರ ಹಿಂದೆ ನಿಂತಿದ್ದಳು. ನಾನು ಕೈಮುಗಿದು, "ಒಂದಕ್ಷರ ತಪ್ಪಲಿಲ್ಲವಲ್ಲ ತಾಯಿ" ಎಂದೆ.

"ತಪ್ಪಲಿಲ್ಲ ಕಣಪ್ಪ. ಪಾಸಾಗದೆ ಹೋದದ್ದೂ ಅದಕ್ಕೇ" ಎಂದರು ತಮಿಳಿನಲ್ಲಿ. "ದೊರೆಸಾನಿಯವರು ಹುಟ್ಟಿದಾಗಿನಿಂದ ಭಾರದ ಅಕ್ಷರ ಹಿಡಿದುಕೊಂಡು ಕೇಳೋರು. ಭಾರ ಬಿದ್ದ ಕಡೆ ಅವರಿಗೆ ಒಂದು ಮಾತು ಸಿಕ್ಕಿತು ಅಂತ ಗೊತ್ತಾಗುತ್ತೆ. ಮುಖ್ಯವಾದದ್ದು ಯಾವುದು, ಬರೀ ಜೋಡಿಸೋ ಮಾತು ಯಾವುದು ಅಂತ ಗೊತ್ತಾಗುತ್ತೆ. ಇವಳು ಎಲ್ಲಕ್ಕೂ ಒಂದೇ ತೂಕ ಕೊಟ್ಟಳು. ಎಲ್ಲೆಲ್ಲೂ ಕಂಬ ನೆಟ್ಟರೆ ಬಾಗಿಲು ಎಲ್ಲಿದೆ ಅಂತ ಅವರು ಹುಡುಕಬೇಕು. ಅಷ್ಟರಲ್ಲಿ ಮುಂದಿನ ಮಾತು ಬಂದುಬಿಡುತ್ತೆ."

"ಮಕ್ಕಳಿಗೆ ಅರ್ಥವಾಯ್ತಲ್ಲ?"

"ಮಕ್ಕಳ ಕಿವಿ ನಿನ್ನ ಕಿವಿಯಂಥದ್ದೇ. ತಮಿಳೂ ಹಾಗೇ ಅಲ್ಲವಾ, ಯಾವ ಅಕ್ಷರವೂ ಬಿಟ್ಟುಕೊಡಲ್ಲ. ಪರೀಕ್ಷೆ ಮಾಡಿದವರು ಮಕ್ಕಳಲ್ಲ." ತಂಗಿಯ ಕಡೆ ತಿರುಗಿದರು. "ರಜೆಗೆ ಹೋಗೋವಾಗ ಇವಳು ಹೀಗೆ ಓದ್ತಿರಲಿಲ್ಲ. ನನ್ನ ಕಾರ್ಡು ಬರಲಿಲ್ಲವಾ? ಬೇಗ ಬಾ ಅಂತ ಬರೆದಿದ್ದೆ."

ತಂಗಿ ನನ್ನನ್ನು ನೋಡಿದಳು.

"ಬರಲಿಲ್ಲ" ಎಂದೆ.

ಟೀಚರಮ್ಮ ಟಪಾಲಿನವರನ್ನು ಬೈದರು. ಇನ್ನೊಂದು ಸಲ ಕೂರಿಸಲು ಕೇಳಿ ನೋಡುತ್ತೇನೆ ಎಂದರು. ಕೇಳಿದರೂ ಇರಬಹುದು. ಉತ್ತರ ಬರಲಿಲ್ಲ. ಮುಂದಿನ ವರ್ಷ ಅವರು ಕೆಲಸ ಬಿಟ್ಟು ತೆಂಕಣ ಕಡೆಯ ತಮ್ಮ ಊರಿಗೆ ಹೋದರು. ಅವರ ಜಾಗಕ್ಕೆ ಬಂದವರಿಗೆ ನನ್ನ ತಂಗಿ ಯಾರೋ ಗೊತ್ತಿರಲಿಲ್ಲ.

ರೈಲಿನಲ್ಲಿ ಬರುವಾಗ ಅವಳು ಕಿಟಕಿಯ ಹತ್ತಿರ ಕೂತು ಹೊರಗೆ ನೋಡುತ್ತಿದ್ದಳು. ಗಾಲಿಗಳು ಹಳಿಗಳ ಸಂದಿನ ಮೇಲೆ ಬಡಿಯುತ್ತಿದ್ದವು. ಒಮ್ಮೆ ಮಾತ್ರ ಮಾತಾಡಿದಳು. "ನೀನು ಹೇಳಿದ ಹಾಗೇ ಓದಿದೆ ಅಣ್ಣಾ."

"ಕೇಳಿದೆ" ಎಂದೆ.

ಅದಾದ ಮೇಲೆ ಮಳೆಗಾಲಕ್ಕೆ ಮೊದಲು ಸೂರು ಹೊದಿಸುವಾಗ ಕಾರ್ಡು ಅವಳ ಕೈಗೇ ಸಿಕ್ಕಿತು. ನಾನು ಕೆಳಗಿನಿಂದ ಗರಿ ಎತ್ತಿಕೊಡುತ್ತಿದ್ದೆ. ಅವಳು ಏಣಿಯ ಮೇಲೆ ನಿಂತು ಅದನ್ನು ಬಿಡಿಸಿ ಪೂರ್ತಿ ಓದಿದಳು. ಮತ್ತೆ ಹಾಗೆಯೇ ಮಡಚಿ ಅದೇ ಸಂದಿಗೆ ಇಟ್ಟಳು. ಇಳಿದು ಬಂದು ರಾಟೆಯ ಮುಂದೆ ಕೂತಳು. ಬೈದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. ಅವಳು ಬೈಯಲೇ ಇಲ್ಲ. ನಾನೂ ಹಿಡಿಯಲಿಲ್ಲ.

ಒಂದು ಬೆಳಿಗ್ಗೆ ತಡೆಯಲಾರದೆ ಒಂದು ಕೆಲಸ ಮಾಡಿದೆ. ಮಗ್ಗದಲ್ಲಿ ಕೂತು ಆ ಇಂಗ್ಲಿಷ್ ಮಾತನ್ನು ನೆನಪು ಮಾಡಿಕೊಂಡು, ಎಂಟು ಬಡಿತದಲ್ಲಿ ಮೂರನ್ನು ಭಾರವಾಗಿ, ಐದನ್ನು ಹಗುರವಾಗಿ ಬಡಿದೆ. ಅವಳಿಗೆ ಕೇಳಲಿ, ನನಗೆ ಅರ್ಥವಾಗಿದೆ ಎಂದು ತಿಳಿಯಲಿ ಎಂದು. ರಾಟೆ ನಿಂತಿತು. ಅವಳು ಎದ್ದು ಬಂದು ಬಟ್ಟೆಯ ಮೇಲೆ ಬಾಗಿದಳು. ಹಗುರ ಬಡಿದ ಕಡೆ ಅಡ್ಡ ಹೊಕ್ಕಿನ ನೂಲು ಸಡಿಲವಾಗಿ, ಭಾರ ಬಡಿದ ಕಡೆ ಒತ್ತಾಗಿ, ಸೀರೆಯ ಮೈಯಲ್ಲಿ ಗೆರೆ ಗೆರೆ ಎದ್ದಿತ್ತು.

ಅವಳು ಬೆರಳಿನಿಂದ ಗೆರೆಗಳನ್ನು ಮುಟ್ಟಿ ನೋಡಿದಳು.

"ಬಟ್ಟೆ ಕೆಡ್ತದೆ ಅಣ್ಣಾ. ಸಮವಾಗಿ ಬಡಿ" ಎಂದು ಹೇಳಿ ರಾಟೆಗೆ ಹೋದಳು.

ಕೆಟ್ಟಷ್ಟನ್ನು ಬಿಚ್ಚಿ, ಸಮವಾಗಿ ಬಡಿದೆ.