ಎರಡು ಗಿಳಿ ಅಂಚು

ಮೊಳಕಾಲ್ಮೂರಿನ ನೇಕಾರರ ಮನೆಯೊಂದರಲ್ಲಿ ಪಾಲಮ್ಮ ಮುದ್ದೆ ಕಟ್ಟಿ, ಪಾತ್ರೆ ತೊಳೆದು, ಮಗ್ಗದ ಲಾಳಿಗೆ ಬೇಕಾದ ರೇಷ್ಮೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಅದಕ್ಕೆ ಯಾರೂ ಭೇಷ್ ಎಂದವರಿಲ್ಲ. ಓರಗಿತ್ತಿ ರಂಜಿತಾ ಕಂಪ್ಯೂಟರಿನಲ್ಲಿ ಸೀರೆಯ ಅಂಚು ಬಿಡಿಸಿದರೆ ಮಾತ್ರ ಮನೆಮಂದಿಯೆಲ್ಲ ಸುತ್ತ ನಿಂತು ಹೊಗಳುವರು. ಪಾಲಮ್ಮನ ಹೊಟ್ಟೆ ಉರಿಯುತ್ತಿತ್ತು.

ಅಂದು ಕೆಲಸದ ಮೇಲೆ ಹೋಗಿದ್ದ ರಂಜಿತಾ ಚಳ್ಳಕೆರೆಯಿಂದ ಫೋನ್ ಮಾಡಿದಳು. "ಅಕ್ಕಾ, ಹಳೇ ಗಿಳಿ ಅಂಚು ಅಳಿಸು ಅಂತ ಕಂಪ್ಯೂಟರಿಗೆ ಹೇಳ್ರಿ. ಮಾತಾಡಿದ್ರೆ ಸಾಕು, ಅದೇ ಮಾಡ್ತೈತೆ."

ಪಾಲಮ್ಮ 'ಹಳೇ' ಎಂಬುದನ್ನು ಬೇಕೆಂದೇ ನುಂಗಿಕೊಂಡು, "ಗಿಳಿ ಅಂಚು ಅಳಿಸು" ಎಂದಳು. ರಂಜಿತಾ ನಿನ್ನೆ ಬಿಡಿಸಿದ ಹೊಸ ಗಿಳಿ ಅಂಚು ಅಳಿಸಿಹೋದರೆ ಯಂತ್ರದ ತಪ್ಪು, ತನ್ನದಲ್ಲ.

ಯಂತ್ರ ಅಳಿಸಲಿಲ್ಲ. "ಆ ಹೆಸರಿನ ಎರಡು ಫೈಲುಗಳಿವೆ. ಒಂದು ಹೋದ ವರ್ಷದ್ದು, ಇನ್ನೊಂದು ನಿನ್ನೆಯದು. ನಿನ್ನೆಯದಕ್ಕೆ ಬೇರೆ ಪ್ರತಿ ಕಾಣುತ್ತಿಲ್ಲ, ಅಳಿಸಿದರೆ ಮರಳಿ ಸಿಗದಿರಬಹುದು. ಯಾವುದನ್ನು ಅಳಿಸಲಿ?"

"ನಿಂಗ್ಯಾಕೆ ಇಲ್ಲದ ಉಸಾಬರಿ?" ಎಂದು ಪಾಲಮ್ಮ ಗದರಿದಳು. ಅದು ಉತ್ತರಕ್ಕಾಗಿ ಕಾಯುತ್ತಲೇ ಇತ್ತು. ಈಗ ನಿನ್ನೆಯದು ಎಂದರೆ ತಪ್ಪು ತನ್ನದೇ. ಮಡಿಲ ಕೂಸಿಗೆ ಹಾಲೂಡಿಸುತ್ತಲೇ ರಂಜಿತಾ ಗಿಳಿಯ ಕೊಕ್ಕು ತಿದ್ದುತ್ತಿದ್ದುದು ಕಣ್ಣ ಮುಂದೆ ಬಂತು.

"ಹೋದ ವರ್ಷದ್ದು," ಎಂದಳು ಹಲ್ಲು ಕಚ್ಚಿ.

ಆಮೇಲೆ ಓರಗಿತ್ತಿಗೆ ಫೋನ್ ಹಚ್ಚಿದಳು. "ನಿನ್ನ ಹೊಸ ಗಿಳಿ ಚೆನ್ನಾಗೈತೆ ಕಣೆ. ನಾಳೆ ಕಂಡಿಕೆ ನೀನು ಸುತ್ತು. ಕಂಪ್ಯೂಟರ್ ಮುಂದಿನ ಆ ಕುರ್ಚಿ ಮೇಲೆ ನಾನು ಕೂತ್ಕೋತೀನಿ, ಬಿಡಿಸೋದು ಕಲಿಸಿಕೊಡು."